ನಾಳೆಯನ್ನು ಮಾರುವವರು

ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕವೆಂಬ ಒಂದು ಕ್ರಿಯಾರೂಪವಿದೆ. ‘ಮಳೆ ಬಂದೀತು’, ‘ಅವನು ಒಪ್ಪಿಯಾನು’, ‘ಹಾಲು ಉಕ್ಕೀತು, ನೋಡಿಕೊ’ ಎಂದು ನಮ್ಮ ಹಿರಿಯರು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು ಅದು. ಬಂದೇ ಬರುತ್ತದೆ ಎಂಬ ಭರವಸೆಯೂ ಅದರಲ್ಲಿಲ್ಲ, ಬರುವುದಿಲ್ಲ ಎಂಬ ನಿರಾಕರಣೆಯೂ ಇಲ್ಲ. ಬರುವ ಸಂಭವವುಂಟು ಎಂಬಷ್ಟು ಜವಾಬ್ದಾರಿಯನ್ನು ಮಾತ್ರ ಹೊತ್ತು ನಾಲಿಗೆ ಅಲ್ಲಿಗೆ ನಿಂತುಬಿಡುತ್ತದೆ. ಪಟ್ಟಣದ ಮಾತಿನಲ್ಲಿ ಈ ರೂಪ ಈಗ ಅಪರೂಪವಾಗುತ್ತಿದೆ. ಅದಕ್ಕೆ ಕಾರಣವೇನೆಂದು ಭಾಷಾಶಾಸ್ತ್ರಜ್ಞರು ಹೇಳಲಿ. ಈಚೆಗೆ ನನ್ನ ಕೈಗೆ ಬಂದ ಹದಿನಾಲ್ಕು ಪುಟಗಳ ಒಂದು ಬರಹವನ್ನು ಓದುವಾಗ ನನಗೆ ಇದರ ನೆನಪಾಯಿತು. ಇಂಗ್ಲಿಷಿನಲ್ಲಿದ್ದ ಆ ಬರಹ ಪೂರ್ತಿಯಾಗಿ ಮುಂದೆ ಆಗಬೇಕಾದ ಸಂಗತಿಗಳನ್ನು ಕುರಿತದ್ದು. ಆದರೆ ಅದರಲ್ಲಿ ‘ಆದೀತು’ ಎಂಬುದಕ್ಕೆ ಸಮನಾದ ಒಂದು ಮಾತೂ ಇರಲಿಲ್ಲ. ಎಲ್ಲವೂ ‘ಆಗುತ್ತದೆ’.

ಇಂಥ ಬರಹಕ್ಕೆ ‘ಪಿಚ್ ಡೆಕ್’ ಎಂದು ಹೆಸರು. ಡೆಕ್ ಎಂದರೆ ಇಸ್ಪೀಟಿನ ಕಟ್ಟು. ಜವಳಿ ಅಂಗಡಿಯವನು ಒಂದೊಂದೇ ಸೀರೆಯನ್ನು ಬಿಚ್ಚಿ ಗಿರಾಕಿಯ ಮುಂದೆ ಹರಡುವಂತೆ, ಒಂದೊಂದೇ ಪುಟವನ್ನು ತಿರುವಿ ತೋರಿಸಿ ತನ್ನ ಕಲ್ಪನೆಯನ್ನು ಮಾರುವುದು ಇದರ ಉದ್ದೇಶ. ನನಗೆ ಬಂದುದು ಒಂದು ಸಾಕ್ಷ್ಯಚಿತ್ರ ಸರಣಿಯದು. ಇಂದು ಮನೆಮನೆಗಳಲ್ಲಿ ಜನ ಮೊಬೈಲಿನಲ್ಲೋ ದೊಡ್ಡ ಟಿವಿಯಲ್ಲೋ ಚಂದಾ ಕೊಟ್ಟು ನೋಡುವ ಸ್ಟ್ರೀಮಿಂಗ್ ಸಂಸ್ಥೆಗಳಿವೆಯಷ್ಟೆ. ಅಂಥ ಸಂಸ್ಥೆಯಲ್ಲಿ ಯಾವ ಸರಣಿಗೆ ಹಣ ಹಾಕಬೇಕೆಂದು ಆರಿಸುವ ಅಧಿಕಾರಿ ಒಬ್ಬರಿರುತ್ತಾರೆ. ಅವರನ್ನು ‘ಕಮಿಷನರ್’ ಎನ್ನುತ್ತಾರೆ. (ನಗರಪಾಲಿಕೆಯ ಕಮಿಷನರೊಂದಿಗೆ ಇವರಿಗೆ ಸಂಬಂಧವಿಲ್ಲ, ಆದರೆ ಭೇಟಿಗೆ ಕಾಯಿಸುವುದರಲ್ಲಿ ಇಬ್ಬರೂ ಸಮಾನರೆಂದು ಬಲ್ಲವರು ಹೇಳುತ್ತಾರೆ.) ನೇರವಾಗಿ ಅಂಚೆಯಲ್ಲಿ ಬಂದ ಪ್ರಸ್ತಾಪಗಳನ್ನು ಇಂಥ ಸಂಸ್ಥೆಗಳಲ್ಲಿ ಅನೇಕವು ತೆರೆದೇ ನೋಡುವುದಿಲ್ಲ, ಪರಿಚಯವಿರುವ ನಿರ್ಮಾಣ ಸಂಸ್ಥೆಯ ಮೂಲಕ ಬರಬೇಕು.

ಡೆಕ್ಕಿನ ಅಂಗಾಂಗಗಳು ಬಹುಮಟ್ಟಿಗೆ ಗೊತ್ತಾದವು. ಮೊದಲ ಪುಟದಲ್ಲಿ ಕಣ್ಸೆಳೆಯುವ ಒಂದು ಚಿತ್ರ ಮತ್ತು ಹೆಸರು. ಎರಡನೆಯದರಲ್ಲಿ ಇಡೀ ಕಥೆಯನ್ನು ಒಂದೇ ವಾಕ್ಯದಲ್ಲಿ ಹೇಳುವ ಸಾಲು. ಆಮೇಲೆ ಆ ಲೋಕ ಯಾವುದು, ಅಲ್ಲಿನ ವ್ಯಕ್ತಿಗಳು ಯಾರು, ಕಂತು ಕಂತಿನಲ್ಲಿ ಏನಾಗುತ್ತದೆ, ಚಿತ್ರ ನೋಡಲು ಹೇಗಿರುತ್ತದೆ, ಈ ಜನರ ಬದುಕಿನೊಳಗೆ ಕ್ಯಾಮರಾ ಹೊಗಲು ನಿಮಗೆ ಯಾವ ಅನುಮತಿಯಿದೆ, ಇದನ್ನು ಈಗಲೇ ಏಕೆ ತೆಗೆಯಬೇಕು, ತೆಗೆಯುವ ನೀವು ಯಾರು, ಇವಕ್ಕೆಲ್ಲ ಒಂದೊಂದು ಪುಟ. ಹಣದ ಲೆಕ್ಕ ಸಾಮಾನ್ಯವಾಗಿ ಬೇರೆ ಹಾಳೆಯಲ್ಲಿ ಹೋಗುತ್ತದೆ. ಜೊತೆಗೆ ಎರಡು ಮೂರು ನಿಮಿಷದ ರುಚಿ ತೋರಿಸುವ ಚಿತ್ರತುಣುಕು ಇದ್ದರೆ ಒಳ್ಳೆಯದು. ಇದರಲ್ಲಿ ನಾವು ಗಮನಿಸಬೇಕಾದ ಒಂದು ವಿಷಯವಿದೆ. ಕಮಿಷನರಿಗೆ ಡೆಕ್ ಹಿಡಿಸಿತು ಎನ್ನಿ. ಆಗ ಅವರು ಅದನ್ನು ತಮ್ಮ ಮೇಲಿನವರ ಸಭೆಗೆ ಕೊಂಡೊಯ್ಯಬೇಕು. ಆ ಕೋಣೆಯಲ್ಲಿ ಬರೆದವರು ಇರುವುದಿಲ್ಲ. ಆದುದರಿಂದ ಡೆಕ್ಕನ್ನು ಬರೆಯುವುದೇ ಬರೆದವರಿಲ್ಲದ ಕಡೆ ತಾನಾಗಿ ಮಾತಾಡುವಂತೆ. ಬಾಯಿಮಾತಿನಲ್ಲಿ ‘ಇದು ನನ್ನ ಊಹೆ, ನೋಡೋಣ’ ಎಂದು ಸೇರಿಸಿದ ವಿನಯ ಆ ಕೋಣೆಯವರೆಗೆ ಹೋಗುವುದಿಲ್ಲ. ಕಾಗದ ಮಾತ್ರ ಹೋಗುತ್ತದೆ.

ಕಾದಂಬರಿಯನ್ನೋ ಕಥಾಚಿತ್ರವನ್ನೋ ಮಾರುವವನಿಗೆ ಈ ತೊಂದರೆಯಿಲ್ಲ. ಕೊನೆಯಲ್ಲಿ ನಾಯಕ ಸಾಯುತ್ತಾನೆ ಎಂದು ಅವನು ಮಾತು ಕೊಟ್ಟರೆ, ಸಾಯಿಸುವ ಅಧಿಕಾರ ಅವನ ಲೇಖನಿಯಲ್ಲೇ ಇದೆ. ಸಾಕ್ಷ್ಯಚಿತ್ರದವರ ನಾಯಕ ಬೆಳಗ್ಗೆ ಎದ್ದು ಚಹಾ ಕುಡಿಯುವ, ಬಾಡಿಗೆ ಕಟ್ಟುವ, ಮನಸ್ಸು ಬದಲಾಯಿಸುವ ಮನುಷ್ಯ. ಅವನ ಮುಂದಿನ ವರ್ಷದ ಬದುಕನ್ನು ಮೂರನೆಯವನೊಬ್ಬನಿಗೆ ಈ ವರ್ಷವೇ ನಿಶ್ಚಯವಾಗಿ ಹೇಳಿ ಹಣ ಪಡೆಯುವುದು ಸರಿಯೆ? ಸರಿಯಲ್ಲವಾದರೆ, ಹೇಳದೆ ಹಣ ಹುಟ್ಟುವುದು ಹೇಗೆ? ನನ್ನ ಮುಂದಿದ್ದ ಪ್ರಶ್ನೆ ಇದು.

ಡೆಕ್ಕನ್ನು ತಂದವಳು ನನ್ನ ಹಳೆಯ ಸ್ನೇಹಿತರ ಮಗಳು. ಚುರುಕಾದ ಹುಡುಗಿ, ಕೆಲಸ ಬಲ್ಲವಳು. ಅವಳ ವಿಷಯ ಉತ್ತರ ಕರ್ನಾಟಕದ ಒಂದು ವೃತ್ತಿ ನಾಟಕ ಕಂಪನಿ. ಬಾದಾಮಿಯ ಹತ್ತಿರದ ಬನಶಂಕರಿ ಜಾತ್ರೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಸಾಲಾಗಿ ತಗಡಿನ ಥಿಯೇಟರುಗಳನ್ನು ಕಟ್ಟಿ ರಾತ್ರಿಯಿಡೀ ಆಟ ಆಡುತ್ತವೆ. ಅಂಥ ಒಂದು ಕಂಪನಿಯನ್ನು ಒಂದು ಜಾತ್ರೆಯ ಉದ್ದಕ್ಕೂ ಅನುಸರಿಸುವುದು. ನಾಲ್ಕು ಕಂತು, ತಲಾ 40 ನಿಮಿಷ. ಕಂಪನಿಯ ಮಾಲೀಕರು, ನಾಯಕಿಯ ಪಾತ್ರ ಮಾಡುವ ಅವರ ಮಗಳು, ಹಾರ್ಮೋನಿಯಂ ಮಾಸ್ತರು, ಹೀಗೆ ಕೆಲವರು ಮುಖ್ಯ ವ್ಯಕ್ತಿಗಳು. ಹೆಸರು, ‘ಕೊನೆಯ ಪರದೆ’. ಎರಡನೆಯ ಪುಟದ ಆ ಒಂದು ಸಾಲು ಹೇಳುತ್ತಿದ್ದುದಿಷ್ಟು: ಶತಮಾನದ ಪರಂಪರೆಯ ಕೊನೆಯ ನಾಟಕ ಕಂಪನಿ ತನ್ನ ಕೊನೆಯ ಜಾತ್ರೆಯಲ್ಲಿ ಉಳಿವಿಗಾಗಿ ಹೋರಾಡುತ್ತದೆ. ಮೂರನೆಯ ಕಂತಿನ ಕೊನೆಯಲ್ಲಿ ಮಗಳು ತಂದೆಯನ್ನು ಬಿಟ್ಟು ಧಾರಾವಾಹಿಯಲ್ಲಿ ನಟಿಸಲು ಬೆಂಗಳೂರಿಗೆ ಹೊರಡುತ್ತಾಳೆ. ನಾಲ್ಕನೆಯ ಕಂತಿನಲ್ಲಿ ಥಿಯೇಟರಿನ ತಗಡು ಬಿಚ್ಚುತ್ತಾರೆ, ಕಂಪನಿ ಮುಚ್ಚುತ್ತದೆ, ಖಾಲಿ ಕುರ್ಚಿಗಳ ನಡುವೆ ಮಾಲೀಕರು ಒಬ್ಬರೇ ಕುಳಿತಿರುತ್ತಾರೆ.

ಓದಿ ನನಗೂ ಎದೆ ಭಾರವಾಯಿತು. “ಪಾಪ, ಯಾವಾಗ ಮುಚ್ಚಿತಮ್ಮಾ?” ಎಂದು ಕೇಳಿದೆ.

“ಇನ್ನೂ ಮುಚ್ಚಿಲ್ಲ ಅಂಕಲ್. ಬರುವ ಜಾತ್ರೆಯಲ್ಲಿ ಶೂಟ್ ಮಾಡಬೇಕು” ಎಂದಳು.

ಅವಳು ಇದನ್ನೆಲ್ಲ ಗಾಳಿಯಿಂದ ಹಿಡಿದಿರಲಿಲ್ಲ. ಹಿಂದಿನ ಜಾತ್ರೆಯಲ್ಲಿ ಒಂಬತ್ತು ದಿನ ಆ ಕಂಪನಿಯವರ ಜೊತೆಗಿದ್ದು ಬಂದವಳು. ಬುಕಿಂಗ್ ಕಡಿಮೆಯಾದ ಒಂದು ರಾತ್ರಿ ಮಾಲೀಕರು ‘ಈ ವರ್ಷಕ್ಕ ಸಾಕಪ್ಪಾ ಸಾಕು’ ಎಂದಿದ್ದರು. ಟಿವಿಯವರೊಬ್ಬರು ತನ್ನನ್ನು ಒಮ್ಮೆ ಕರೆದಿದ್ದರೆಂದು ಮಗಳು ಹೇಳಿದ್ದಳು. ಇಂಥ ನಾಲ್ಕು ಮಾತುಗಳ ಮೇಲೆ ನಾಲ್ಕು ಕಂತುಗಳ ಗೋಪುರ ಎದ್ದಿತ್ತು. ನಾನು ಅವಳಿಗೆ ಒಂದು ಕೆಲಸ ಹೇಳಿದೆ. ಕಂತುಗಳ ಪುಟದ ಪ್ರತಿಯೊಂದು ವಾಕ್ಯದ ಪಕ್ಕದಲ್ಲೂ ಗುರುತು ಹಾಕು: ಇದು ನೀನು ಕಂಡದ್ದೊ, ಅವರು ಹೇಳಿದ್ದೊ, ನೀನು ಊಹಿಸಿದ್ದೊ, ಅಥವಾ ಹಾಗಾದರೆ ಚೆನ್ನ ಎಂದು ನೀನು ಬಯಸಿದ್ದೊ? ಅವಳು ಪ್ರಾಮಾಣಿಕಳು. ಕೊನೆಯ ಕಂತಿನ ಹನ್ನೊಂದು ವಾಕ್ಯಗಳಲ್ಲಿ ಕಂಡದ್ದು ಒಂದು, ತಗಡು ಬಿಚ್ಚುವುದು. ಅದನ್ನು ಯಾವ ಕಂಪನಿಯಾದರೂ ಪ್ರತಿ ಕ್ಯಾಂಪಿನ ಕೊನೆಗೆ ಮಾಡಿಯೇ ಮಾಡುತ್ತದೆ. ಬಿಚ್ಚದಿದ್ದರೆ ಮುಂದಿನ ಊರಿಗೆ ಹೋಗುವುದು ಹೇಗೆ? ಉಳಿದುವುಗಳಲ್ಲಿ ಊಹೆ ಯಾವುದು ಬಯಕೆ ಯಾವುದು ಎಂದು ಬಿಡಿಸಲು ಅವಳು ಬಹಳ ಹೊತ್ತು ತೆಗೆದುಕೊಂಡಳು. ಮಗಳು ಹೊರಟುಹೋಗುವ ವಾಕ್ಯದ ಪಕ್ಕದಲ್ಲಿ ಮೊದಲು ‘ಹೇಳಿದ್ದು’ ಎಂದು ಬರೆದು, ಹೊಡೆದುಹಾಕಿ, ‘ಊಹೆ’ ಎಂದು ಬರೆದು, ಅದನ್ನೂ ಹೊಡೆದುಹಾಕಿದ್ದಳು.

ಹೀಗಿದ್ದರೂ ಅವಳು ಸೋಲೊಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ, ಏಕೆಂದರೆ ಅವಳ ವಾದದಲ್ಲಿ ಹುರುಳಿತ್ತು. ಡೆಕ್ ಎಂಬುದು ಭವಿಷ್ಯವಾಣಿಯಲ್ಲವೆಂದು ಕಮಿಷನರಿಗೂ ಗೊತ್ತು, ತನಗೂ ಗೊತ್ತು. ವರನ ಜಾತಕದ ಜೊತೆಗೆ ಕಳುಹಿಸುವ ಫೋಟೋ ಹಾಗೆ. ವರ ದಿನವೂ ಸೂಟು ಹಾಕಿಕೊಂಡಿರುತ್ತಾನೆಂದು ಯಾವ ಹೆಣ್ಣಿನ ತಂದೆಯೂ ನಂಬುವುದಿಲ್ಲ. ಕೋಟಿಗಟ್ಟಲೆ ಹಣ ಹಾಕುವವರು ಮೂರನೆಯ ಕಂತಿನಲ್ಲಿ ಏನಿದೆ ಎಂದು ಕೇಳುವುದು ತಪ್ಪೂ ಅಲ್ಲ. ‘ಗೊತ್ತಿಲ್ಲ’ ಎಂದು ಬರೆದ ಡೆಕ್ಕನ್ನು ಅವರು ಮೇಲಿನವರ ಮುಂದೆ ಇಡುವುದಾದರೂ ಹೇಗೆ? ಇಬ್ಬರಿಗೂ ಗೊತ್ತಿರುವ ಆಟದಲ್ಲಿ ಸುಳ್ಳೆಂಬುದೇ ಇಲ್ಲ, ಮೋಸ ಹೋಗುವವರೇ ಇಲ್ಲದಿರುವಾಗ ಮೋಸ ಎಲ್ಲಿಂದ ಬಂತು, ಎಂದು ಅವಳ ಪ್ರಶ್ನೆ.

ಆಟದ ನಿಯಮ ಗೊತ್ತಿರುವುದು ಆಟಗಾರರಿಗೆ ಮಾತ್ರ. ಕಾಗದವೋ ಚಿತ್ರತುಣುಕೋ ಆಟದ ಅಂಗಳದಿಂದ ಹೊರಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗ ಸಾಕ್ಷಿಯಾಗಿದೆ. 2007ರಲ್ಲಿ ಆರ್‌ಡಿಎಫ್ ಎಂಬ ನಿರ್ಮಾಣ ಸಂಸ್ಥೆ ಬಿಬಿಸಿಗಾಗಿ ಎರಡನೆಯ ಎಲಿಜಬೆತ್ ರಾಣಿಯವರ ಒಂದು ವರ್ಷದ ದಿನಚರಿಯನ್ನು ಕುರಿತ ಸಾಕ್ಷ್ಯಚಿತ್ರ ಸರಣಿಯನ್ನು ತೆಗೆಯುತ್ತಿತ್ತು. ಅದನ್ನು ಹೊರದೇಶಗಳ ಖರೀದಿದಾರರಿಗೆ ತೋರಿಸಿ ಮಾರಲೆಂದು ಒಂದು ಚಿಕ್ಕ ತುಣುಕನ್ನು ಜೋಡಿಸಿದರು. ಅದರಲ್ಲಿ ಹೆಸರಾಂತ ಛಾಯಾಗ್ರಾಹಕಿ ಆನಿ ಲೀಬೊವಿಟ್ಜ್ ರಾಣಿಯವರ ಫೋಟೋ ತೆಗೆಯುವ ದೃಶ್ಯವಿದೆ. ತಲೆಯ ಮೇಲಿನ ಕಿರೀಟವನ್ನು ತೆಗೆದರೆ ಇನ್ನೂ ಸರಳವಾಗಿ ಕಂಡೀತು ಎಂದು ಆಕೆ ಸೂಚಿಸುತ್ತಾರೆ. ರಾಣಿಯವರು ಚುರುಕಾಗಿ ಉತ್ತರ ಕೊಡುತ್ತಾರೆ. ಅದರ ಬೆನ್ನಿಗೇ, ಈ ವೇಷ ತೊಟ್ಟು ತೊಟ್ಟು ಸಾಕಾಗಿದೆ ಎಂಬರ್ಥದ ಮಾತನ್ನಾಡುತ್ತ ರಾಣಿಯವರು ಅರಮನೆಯ ಹಾದಿಯಲ್ಲಿ ಬಿರಬಿರನೆ ನಡೆಯುವ ದೃಶ್ಯ. ನೋಡಿದವರು ಏನೆಂದುಕೊಳ್ಳಬೇಕು? ರಾಣಿ ಸಿಟ್ಟಾಗಿ ಎದ್ದು ಹೋದರು ಎಂದೇ. ನಿಜವಾಗಿ ಅವರು ನಡೆಯುತ್ತಿದ್ದುದು ಫೋಟೋ ತೆಗೆಸಿಕೊಳ್ಳಲು ಕೋಣೆಗೆ ಬರುವಾಗ! ಬಂದುದನ್ನು ಹೋದುದರ ಜಾಗದಲ್ಲಿ ಅಂಟಿಸಲಾಗಿತ್ತು. ಪ್ರತಿಯೊಂದು ಚೌಕಟ್ಟೂ ನಿಜ, ಆಡಿದ ಮಾತೆಲ್ಲ ನಿಜ. ಸುಳ್ಳು ಇದ್ದುದು ಎರಡು ತುಂಡುಗಳ ನಡುವಿನ ಕೂಡಿಕೆಯಲ್ಲಿ ಮಾತ್ರ.

ವ್ಯಾಪಾರದ ಆ ತುಣುಕು ವ್ಯಾಪಾರದವರ ನಡುವೆಯೇ ಉಳಿದಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೊ. ಆದರೆ ಬಿಬಿಸಿ ತನ್ನ ಮುಂದಿನ ಕಾರ್ಯಕ್ರಮಗಳನ್ನು ಪತ್ರಕರ್ತರಿಗೆ ಪರಿಚಯಿಸಲು ಆ ವರ್ಷದ ಜುಲೈಯಲ್ಲಿ ಒಂದು ಸಭೆ ಕರೆದಾಗ ಅದೇ ತುಣುಕು ಅಲ್ಲಿ ಪ್ರದರ್ಶಿತವಾಯಿತು. ಮರುದಿನ ಪತ್ರಿಕೆಗಳಲ್ಲಿ ರಾಣಿಯ ಸಿಟ್ಟೇ ಸುದ್ದಿ. ಬಿಬಿಸಿ ಕ್ಷಮೆ ಕೇಳಬೇಕಾಯಿತು. ವಿಚಾರಣೆ ನಡೆಯಿತು. ಅಕ್ಟೋಬರಿನಲ್ಲಿ ವರದಿ ಹೊರಬಿದ್ದಾಗ ಬಿಬಿಸಿಯ ಮೊದಲನೆಯ ವಾಹಿನಿಯ ಮುಖ್ಯಸ್ಥರಾದ ಪೀಟರ್ ಫಿಂಚಮ್ ರಾಜೀನಾಮೆ ಕೊಟ್ಟರು. ತುಣುಕನ್ನು ಜೋಡಿಸಿದ ಸ್ಟೀಫನ್ ಲ್ಯಾಂಬರ್ಟ್ ಅವರೂ ಆರ್‌ಡಿಎಫ್ ಬಿಟ್ಟರು. ಸರಣಿ ಬೇರೆ ಹೆಸರಿನಲ್ಲಿ ಅದೇ ವರ್ಷದ ಕೊನೆಗೆ ಪ್ರಸಾರವಾಯಿತು. ಒಂದು ವರ್ಷದ ಶ್ರಮ ಕೆಲವು ಸೆಕೆಂಡುಗಳ ಮಾರಾಟದ ಸರಕಿನ ಕೆಳಗೆ ಸಿಕ್ಕಿತು. ಜೋಡಿಸಿದವರಿಗೆ ಅದು ಮಾರಾಟದ ತುಣುಕೆಂದು ಗೊತ್ತಿತ್ತು. ಕೊನೆಗೆ ನೋಡಿದವರಿಗೆ ಗೊತ್ತಿರಲಿಲ್ಲ. ತನ್ನ ಮೇಲಿನ ಸುಳ್ಳನ್ನು ಒಂದೇ ದಿನದಲ್ಲಿ ತಿದ್ದಿಸುವ ಶಕ್ತಿ ರಾಣಿಗಿತ್ತು ಎಂಬುದನ್ನೂ ಇಲ್ಲಿ ಮರೆಯಬಾರದು. ನಾಟಕ ಕಂಪನಿಯ ಮಾಲೀಕರಿಗೆ ಅಂಥ ಅರಮನೆಯೂ ಇಲ್ಲ, ವಕ್ತಾರರೂ ಇಲ್ಲ.

ಮುಂದಾಗುವುದರ ಬಗ್ಗೆ ಸುಳ್ಳು ಹೇಳಲು ಸಾಧ್ಯವೇ ಎಂದು ತರ್ಕ ಮಾಡುವವರಿದ್ದಾರೆ. ಇನ್ನೂ ನಡೆಯದ ಸಂಗತಿ ನಿಜವೂ ಅಲ್ಲ ಸುಳ್ಳೂ ಅಲ್ಲ, ಆದುದರಿಂದ ಅದನ್ನು ಹೇಳಿದವನೂ ಸುಳ್ಳನಲ್ಲ ಎಂದು ಅವರ ನಿಲುವು. ನಮ್ಮ 1872ರ ಕರಾರು ಕಾಯಿದೆ ಇದಕ್ಕೆ ಹಿಂದೆಯೇ ಒಂದು ಜಾಣ ಉತ್ತರ ಕೊಟ್ಟಿದೆ: ನಡೆಸುವ ಉದ್ದೇಶವೇ ಇಲ್ಲದೆ ಕೊಟ್ಟ ಮಾತು ವಂಚನೆಯ ಸಾಲಿಗೆ ಸೇರುತ್ತದೆ. ಅಂದರೆ ಸುಳ್ಳಿರುವುದು ನಾಳೆಯಲ್ಲಲ್ಲ. ನಾಳೆಯ ಬಗ್ಗೆ ಇಂದು ನನ್ನ ಮನಸ್ಸಿನಲ್ಲಿರುವುದನ್ನು ಮರೆಸುವುದರಲ್ಲಿ. ಇದು ಸರಿಯೆ. ಆದರೆ ಡೆಕ್ಕಿನ ವಿಚಾರಕ್ಕೆ ಇಷ್ಟು ಸಾಲದೆಂದು ನನಗೆ ತೋರುತ್ತದೆ. ನನ್ನ ಸ್ನೇಹಿತರ ಮಗಳು ತನ್ನ ಮನಸ್ಸನ್ನು ಮರೆಸಿರಲಿಲ್ಲ. ಕಂಪನಿ ಮುಚ್ಚುತ್ತದೆಂದು ಅವಳು ಮುಕ್ಕಾಲು ಪಾಲು ನಂಬಿದ್ದಳು. ತೊಡಕು ಬೇರೆ ಕಡೆ ಇದೆ. ಮಾತು ಕೊಡುವುದೆಂದರೆ ನಾನು ಮಾಡುವ ಕೆಲಸದ ಬಗ್ಗೆ ಕೊಡುವುದು. ನೂರು ದಿನ ಚಿತ್ರೀಕರಿಸುತ್ತೇನೆ, ಇಂಥವರ ಒಪ್ಪಿಗೆ ಪಡೆದಿದ್ದೇನೆ, ಲೆಕ್ಕದ ಪುಸ್ತಕವನ್ನು ತೋರಿಸುತ್ತೇನೆ ಎಂದು ನಾನು ಧಾರಾಳವಾಗಿ ಮಾತು ಕೊಡಬಹುದು; ತಪ್ಪಿದರೆ ಕೇಳುವ ಹಕ್ಕು ನಿಮಗುಂಟು. ಮಗಳು ತಂದೆಯನ್ನು ಬಿಟ್ಟು ಹೋಗುತ್ತಾಳೆ ಎಂದು ಮಾತು ಕೊಡಲು ನಾನು ಯಾರು? ಅದು ಆ ಮಗಳ ಸ್ವತ್ತು. ಪಕ್ಕದ ಮನೆಯ ಹಿತ್ತಿಲನ್ನು ಅಡವಿಟ್ಟು ಸಾಲ ತಂದಂತೆ ಅದು.

ಸಾಲ ತಂದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಒಂದು ಪ್ರಸಂಗ ಕಲ್ಪಿಸಿಕೊಳ್ಳೋಣ. ಸಂಸ್ಥೆ ಒಪ್ಪಿದೆ, ಹಣ ಬಂದಿದೆ, ಚಿತ್ರೀಕರಣದ ಇಪ್ಪತ್ತನೆಯ ದಿನ. ಮಗಳು ಬಂದು, ‘ಅಕ್ಕಾ, ನಾ ಎಲ್ಲೂ ಹೋಗಂಗಿಲ್ಲ, ಅಪ್ಪನ ಕಂಪನಿ ನಾನ ನಡಸ್ತೀನಿ’ ಎಂದು ಸಂತೋಷವಾಗಿ ಹೇಳುತ್ತಾಳೆ. ಆಗ ಕ್ಯಾಮರಾದ ಹಿಂದೆ ನಿಂತವಳ ಮನಸ್ಸಿನಲ್ಲಿ ಏಳುವ ಮೊದಲ ಭಾವ ಯಾವುದು? ನಾನು ಕೇಳಿದೆ, ಅವಳು ತಕ್ಷಣ ಉತ್ತರಿಸಲಿಲ್ಲ. ಮೂರನೆಯ ಕಂತು ಹೋಯಿತಲ್ಲಾ ಎಂಬ ನಿರಾಶೆಯಲ್ಲದೆ ಬೇರೇನು? ಒಬ್ಬಳು ಹೆಣ್ಣುಮಗಳ ಒಳಿತಿಗೆ ಒಬ್ಬ ಒಳ್ಳೆಯ ಹುಡುಗಿ ನಿರಾಶಳಾಗಬೇಕಾಗುತ್ತದೆ, ಅದೂ ತನಗೆ ಆಕೆಯ ಮೇಲೆ ನಿಜವಾದ ಅಕ್ಕರೆಯಿರುವಾಗ. ನಿರಾಶೆಯಾದವರು ಸುಮ್ಮನಿರುವುದೂ ಕಷ್ಟ. ‘ಆ ಟಿವಿಯವರಿಗೆ ಒಂದು ಫೋನ್ ಮಾಡಿ ನೋಡು, ಸುಮ್ಮನೆ, ನಾವು ಚಿತ್ರ ತೆಗೆಯುತ್ತೇವೆ’ ಎಂಬ ಮಾತು ಬರುತ್ತದೆ. ಆಮೇಲೆ, ‘ಅಪ್ಪನಿಗೆ ಇದನ್ನು ಹೇಳಿದ್ದೀಯಾ? ಕ್ಯಾಮರಾ ಮುಂದೆಯೇ ಹೇಳಬಾರದೇಕೆ?’ ಎಂಬುದು. ಪ್ರತಿಯೊಂದೂ ಸಣ್ಣ ತಳ್ಳು; ಯಾವುದನ್ನೂ ನಾಟಕ ಎನ್ನಲಾಗದು. ನನಗೆ ಕಂಡಮಟ್ಟಿಗೆ ಸಾಕ್ಷ್ಯಚಿತ್ರದಲ್ಲಿ ಕೃತಕತೆ ಹೊಗುವುದು ಈ ಹಿಂಬಾಗಿಲಿನಿಂದ. ಸುಳ್ಳು ಹೇಳಬೇಕೆಂದು ಹೊರಟವರು ವಿರಳ. ಬರೆದುಕೊಟ್ಟದ್ದನ್ನು ತೀರಿಸಲು ಹೊರಟವರೇ ಬಹಳ.

ನನ್ನ ಒತ್ತಾಯಕ್ಕೊ, ತನಗೇ ಅನಿಸಿಯೊ, ಅವಳು ಡೆಕ್ಕನ್ನು ಕನ್ನಡಕ್ಕೆ ತಿರುಗಿಸಿ, ಕಂಪನಿ ಬೇರೊಂದೂರಿನಲ್ಲಿ ಕ್ಯಾಂಪ್ ಮಾಡಿದ್ದಾಗ ಹೋಗಿ ಮಾಲೀಕರಿಗೆ ಓದಿ ಹೇಳಿದಳು. ಈ ಉದ್ಯಮದಲ್ಲಿ ಇದು ರೂಢಿಯಲ್ಲ. ಚಿತ್ರದಲ್ಲಿರುವವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಎಲ್ಲ ದೇಶಗಳಲ್ಲಿ, ಎಲ್ಲ ಮಾಧ್ಯಮಗಳಲ್ಲಿ, ಎಂದೆಂದಿಗೂ ತೋರಿಸಬಹುದು ಎಂಬಂಥ ವಿಶಾಲವಾದ ಮಾತುಗಳು ಅದರಲ್ಲಿರುತ್ತವೆ. ಆದರೆ ಅವರನ್ನು ಕುರಿತು ಮಾರಾಟಕ್ಕೆ ಬರೆದ ಕಾಗದವನ್ನು ಅವರಿಗೆ ತೋರಿಸುವುದಿಲ್ಲ. ತೋರಿಸಿದರೆ ಏನಾಗುತ್ತದೆ ಎಂಬುದನ್ನು ಅವಳು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದು ನನಗೆ ಕೇಳಿಸಿದಳು. ಮಾಲೀಕರು ಬೇಸರಪಟ್ಟುಕೊಂಡಿರಲಿಲ್ಲ, ನಕ್ಕೇ ಆರಂಭಿಸಿದ್ದರು.

“ಕೊನೀ ಕಂಪನಿ ಅಂತ ಯಾರು ಹೇಳ್ಯಾರ ತಂಗೀ? ಹ್ವಾದ ಜಾತ್ರ್ಯಾಗ ನಮ್ಮ ಬಾಜೂಕ ಎಷ್ಟು ಥೇಟರ ಇದ್ದೂ, ನೀನ ನೋಡೀಯಲ್ಲ. ಅವ್ರಿಗೆ ಇದು ಗೊತ್ತಾದ್ರ ನನ್ನ ಮ್ಯಾಲ ಜಗಳಕ್ಕ ಬರತಾರ.”

ಇದು ಯಾರ ಕಣ್ಣಿಗೂ ಬೀಳಬೇಕಾಗಿದ್ದ ತಪ್ಪು. ಆದರೂ ಡೆಕ್ ಬರೆಯುವವರಿಗೆ ‘ಕೊನೆಯ’ ಎಂಬ ವಿಶೇಷಣದ ಮೇಲೆ ಮೋಹ ಹೆಚ್ಚು: ಕೊನೆಯ ನೇಕಾರ, ಕೊನೆಯ ಬೇಟೆಗಾರ, ಕೊನೆಯ ಹಳ್ಳಿ. ಈಗಲೇ ಏಕೆ ತೆಗೆಯಬೇಕು ಎಂಬ ಪುಟಕ್ಕೆ ಅದು ಸಿದ್ಧ ಉತ್ತರ. ಅವರ ಮುಂದಿನ ಮಾತು ಮಾತ್ರ ನನಗೆ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ.

“ಈ ಕಾಗದ ನಮ್ಮ ಹುಡುಗರ ಕೈಯಾಗ ಸಿಕ್ಕಿತು ಅನ್ನು. ಕಂಪನಿ ಮುಚ್ಚತೈತಿ ಅಂದ ಮ್ಯಾಲ ಯಾರು ನಿಲ್ಲತಾರ? ಅರ್ಧ ಮಂದಿ ಮುಂಜಾನೆ ಗಂಟು ಕಟ್ಟಿ ಬ್ಯಾರೇ ಕಂಪನಿಗೆ ಹೋಗತಾರ. ಸಾಲ ಕೊಟ್ಟಾವ ಬಂದು ಬಾಗಲದಾಗ ಕುಂದರತಾನ. ಆಮ್ಯಾಲ ನೀ ಬರದದ್ದು ಖರೇನ ಆಗತೈತಿ ನೋಡು.”

ನಾಟಕ ಕಂಪನಿಯ ಬದುಕನ್ನು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ. ನಟನಟಿಯರು ಮುಂಗಡ ಪಡೆದು ಕಂಪನಿ ಸೇರುತ್ತಾರೆ. ಒಂದು ಕಂಪನಿ ಮುಳುಗುತ್ತದೆಂಬ ಗುಮಾನಿ ಬಂದರೆ ಇನ್ನೊಂದರ ಮುಂಗಡಕ್ಕೆ ಕೈಚಾಚುತ್ತಾರೆ, ಅದನ್ನು ತಪ್ಪೆನ್ನಲಾಗದು. ಥಿಯೇಟರ್ ಕಟ್ಟುವ ಖರ್ಚಿಗೆ ಸಾಲ ತರುವುದು ಮುಂದಿನ ಕ್ಯಾಂಪಿನ ಗಳಿಕೆಯ ನಂಬಿಕೆಯ ಮೇಲೆ. ಹೀಗೆ ನಂಬಿಕೆಯೇ ಬಂಡವಾಳವಾಗಿರುವ ಕಸುಬಿನ ಬಗ್ಗೆ ‘ಇದು ಮಾರ್ಚಿನಲ್ಲಿ ಮುಚ್ಚುತ್ತದೆ’ ಎಂದು ಬರೆದು, ಒಂದು ಬೆರಳ ಒತ್ತಿಗೆ ಊರೂರು ಸುತ್ತುವ ಕಡತವಾಗಿ ಕಳುಹಿಸುವುದು ಬರಿಯ ಊಹೆಯಾಗಿ ಉಳಿಯುವುದಿಲ್ಲ. ಅದು ಆ ಘಟನೆಯ ಕಾರಣಗಳಲ್ಲಿ ಒಂದಾಗಬಲ್ಲದು. ಮಳೆ ಬರುತ್ತದೆ ಎಂದರೆ ಮೋಡಕ್ಕೆ ಕೇಳಿಸುವುದಿಲ್ಲ. ಬ್ಯಾಂಕು ಮುಳುಗುತ್ತದೆ ಎಂದರೆ ಠೇವಣಿದಾರರಿಗೆ ಕೇಳಿಸುತ್ತದೆ. ಮನುಷ್ಯರ ಬಗ್ಗೆ ಆಡುವ ಭವಿಷ್ಯದ ಮಾತೆಲ್ಲ ಎರಡನೆಯ ಜಾತಿಯದು.

ಹಾಗಾದರೆ ಸತ್ಯವಾದ ಡೆಕ್ ಬರೆಯಲು ಬರುವುದಿಲ್ಲವೆ? ಬರುತ್ತದೆ, ಆದರೆ ಕಥೆಯ ಗೂಟವನ್ನು ಬೇರೆ ಕಡೆ ಹೂಡಬೇಕು. ಅಮೆರಿಕದ ‘ಹೂಪ್ ಡ್ರೀಮ್ಸ್’ ಎಂಬ ಸಾಕ್ಷ್ಯಚಿತ್ರದ ಹುಟ್ಟನ್ನು ನಾನು ಅವಳಿಗೆ ನೆನಪಿಸಿದೆ, ಅವಳು ನನಗಿಂತ ಚೆನ್ನಾಗಿ ಬಲ್ಲವಳಾದರೂ. ಸ್ಟೀವ್ ಜೇಮ್ಸ್ ಮತ್ತು ಅವರ ಗೆಳೆಯರು ಷಿಕಾಗೋದ ಬಾಸ್ಕೆಟ್‌ಬಾಲ್ ಹುಡುಗರ ಬಗ್ಗೆ 30 ನಿಮಿಷದ ಚಿತ್ರವೊಂದನ್ನು ಸಾರ್ವಜನಿಕ ಟಿವಿಗಾಗಿ ತೆಗೆಯಲು ಹೊರಟವರು. ಅದು ವರ್ಷಗಟ್ಟಲೆ ಬೆಳೆದು, ಸುಮಾರು 250 ಗಂಟೆಗಳ ಚಿತ್ರೀಕರಣವಾಗಿ, 1994ರಲ್ಲಿ ಮೂರು ಗಂಟೆಗೆ ಹತ್ತಿರದ ಚಿತ್ರವಾಗಿ ಹೊರಬಂತು. ಅದರಲ್ಲಿರುವವರು ಇಬ್ಬರು ಹುಡುಗರು, ವಿಲಿಯಂ ಗೇಟ್ಸ್ ಮತ್ತು ಆರ್ಥರ್ ಏಜಿ. ಇಬ್ಬರೂ ಹೆಸರಾದ ಒಂದೇ ಖಾಸಗಿ ಶಾಲೆಗೆ ಸೇರುತ್ತಾರೆ. ಗೇಟ್ಸನ ಮೇಲೆ ಎಲ್ಲರ ಕಣ್ಣು. ಏಜಿ ಶುಲ್ಕ ಕಟ್ಟಲಾಗದೆ ಶಾಲೆ ಬಿಡಬೇಕಾಗುತ್ತದೆ. ಅಂದು ಯಾರಾದರೂ ಡೆಕ್ ಬರೆದಿದ್ದರೆ ಕೊನೆಯ ಕಂತು ಗೇಟ್ಸನ ಜಯಭೇರಿಯಾಗುತ್ತಿತ್ತು, ಏಜಿ ಎರಡನೆಯದರಲ್ಲೇ ಮರೆಯಾಗುತ್ತಿದ್ದ. ಆದುದೇ ಬೇರೆ. ಗೇಟ್ಸನ ಮೊಣಕಾಲಿಗೆ ಪೆಟ್ಟಾಯಿತು. ಏಜಿ ಸರಕಾರಿ ಶಾಲೆಯ ತಂಡದೊಂದಿಗೆ 1991ರಲ್ಲಿ ರಾಜ್ಯದ ಪಂದ್ಯಾವಳಿಯವರೆಗೆ ಹೋದ. ತಂಡ ಮೂರನೆಯ ಸ್ಥಾನ ಪಡೆಯಿತು. ಆರಂಭದಲ್ಲಿ ಕೊಟ್ಟ ಮಾತು ಚಿಕ್ಕದಾಗಿದ್ದುದರಿಂದ ಬದುಕಿಗೆ ತಿರುಗಲು ಜಾಗವಿತ್ತು.

ಅದೇನೊ ಸರಿ, ಆದರೆ ಇಂದಿನ ಸ್ಟ್ರೀಮಿಂಗ್ ಸಂಸ್ಥೆ ಐದು ವರ್ಷ ಕಾಯುವುದಿಲ್ಲ ಎಂದಳು. ನಿಜ. ಆದುದರಿಂದ ಅವಳು ಹಿಡಿದ ದಾರಿ ಹೆಚ್ಚು ವ್ಯಾವಹಾರಿಕವಾದದ್ದು. ಯಾರ ಅಪ್ಪಣೆಯೂ ಬೇಡದೆ ನಡೆದೇ ನಡೆಯುವ ಸಂಗತಿಗಳು ಆ ಜಾತ್ರೆಯಲ್ಲಿ ಎಷ್ಟೋ ಇವೆ. ಜಾಗದ ಹರಾಜು ಅಥವಾ ಹಂಚಿಕೆ, ಕಂಬ ನೆಡುವುದು, ಮೊದಲ ಆಟ, ತೇರಿನ ದಿನದ ನೂಕುನುಗ್ಗಲು, ಕೊನೆಯ ಆಟ, ಲೆಕ್ಕ ಚುಕ್ತಾ, ತಗಡು ಬಿಚ್ಚಿ ಲಾರಿಗೆ ಹೇರುವುದು. ಹೊಸ ಡೆಕ್ಕಿನಲ್ಲಿ ನಾಲ್ಕು ಕಂತುಗಳು ಈ ಗೂಟಗಳಿಗೆ ಕಟ್ಟಿಕೊಂಡವು. ಜೊತೆಗೆ ಮಾಲೀಕರ ಒಪ್ಪಿಗೆಯಿಂದ ಒಂದು ಹೊಸ ವಸ್ತು ಒಳಗೆ ಬಂತು: ದಿನದಿನದ ಗೇಟ್ ಕಲೆಕ್ಷನ್ ಬರೆದಿಡುವ ಪುಸ್ತಕ. ಪ್ರತಿ ಕಂತಿನಲ್ಲೂ ಅದರ ಒಂದು ಪುಟ ತೆರೆಯುತ್ತದೆ. ಕೊನೆಯ ರಾತ್ರಿ ಖರ್ಚು ಕಳೆದು ಏನು ಉಳಿಯಿತು ಎಂಬುದು ಪ್ರಶ್ನೆ. ಉಳಿದರೆ ಒಂದು ಚಿತ್ರ, ಉಳಿಯದಿದ್ದರೆ ಇನ್ನೊಂದು ಚಿತ್ರ. ಯಾವುದಾದರೂ ನೋಡುವವರು ಏಳುವುದಿಲ್ಲ. ಮೊದಲಿನ ಡೆಕ್ಕಿನಲ್ಲಿ ಒಂದು ಉತ್ತರ ಬಂದರೆ ಮಾತ್ರ ಸರಣಿಯಿತ್ತು, ಇನ್ನೊಂದು ಬಂದರೆ ದಿವಾಳಿ. ಹಾಗಿರುವ ಪ್ರಶ್ನೆಯನ್ನು ಕೇಳುವವನು ಎಷ್ಟೇ ಸಜ್ಜನನಾಗಿರಲಿ, ಉತ್ತರದ ಕಡೆಗೆ ಕೈ ಚಾಚಿಯೇ ಚಾಚುತ್ತಾನೆ.

ಮಗಳ ವಿಷಯ? ಅವಳ ಪುಟವೂ ಉಳಿಯಿತು. ಅದರಲ್ಲಿ ಈಗ ಇರುವುದು ಅವಳೇ ಆಡಿದ ಮಾತು: ಟಿವಿಯವರು ಕರೆದಿದ್ದರು, ಹೋಗಬೇಕೆಂದು ಒಮ್ಮೊಮ್ಮೆ ಅನಿಸುತ್ತದೆ, ಹುಣ್ಣಿಮೆಯ ರಾತ್ರಿ ತುಂಬಿದ ಥಿಯೇಟರ್ ಕಂಡಾಗ ಅನಿಸುವುದಿಲ್ಲ. ಕಂತಿನ ಕೊನೆಗೆ ಇದಕ್ಕಿಂತ ಹೆಚ್ಚಿನ ಕುತೂಹಲ ಯಾವುದು ಬೇಕೋ ನಾನರಿಯೆ. ‘ಕೊನೆಯ ಪರದೆ’ ಎಂಬ ಹೆಸರು ಹೋಗಿ ‘ಹುಣ್ಣಿಮೆ ಕ್ಯಾಂಪ್’ ಎಂದಾಯಿತು. ಅನುಮತಿಯ ಪುಟದಲ್ಲಿ, ಯಾರು ಯಾರು ಬರೆದುಕೊಟ್ಟಿದ್ದಾರೆ, ಯಾರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ, ಹಾರ್ಮೋನಿಯಂ ಮಾಸ್ತರು ಇನ್ನೂ ಒಪ್ಪಿಲ್ಲ ಎಂಬುದನ್ನೂ ಬರೆದಳು. ಇದನ್ನು ಓದಿದರೆ ಕಮಿಷನರ್ ಹೆದರುತ್ತಾರೆಂದು ಅವಳ ನಿರ್ಮಾಪಕರು ಗೊಣಗಿದರಂತೆ. ಹೆದರಲಿ, ಹಣ ಹಾಕುವವರು ಹಣ ಹಾಕುವ ಮೊದಲು ಹೆದರುವುದು, ಹಾಕಿದ ಮೇಲೆ ಹೆದರುವುದಕ್ಕಿಂತ ಅಗ್ಗ.

ಸಂಸ್ಥೆಯಿಂದ ಬಂದ ಮೊದಲ ಉತ್ತರದಲ್ಲಿ ವಿಷಯ ಹಿಡಿಸಿದೆ, ಲೆಕ್ಕದ ಪುಸ್ತಕ ತುಂಬ ಚೆನ್ನಾಗಿದೆ, ಆದರೆ ಮೂರನೆಯ ಕಂತಿನ ಕೊನೆ ಸ್ವಲ್ಪ ಸಪ್ಪೆ, ಅಲ್ಲಿ ಏನಾಗುತ್ತದೆ ಎಂದು ಕೇಳಿದ್ದರು. ಆ ದಿನ ತೇರು ಎಳೆಯುತ್ತಾರೆ, ರಾತ್ರಿ ಕಂಪನಿಯ ಅತ್ಯಂತ ದೊಡ್ಡ ಆಟವಿರುತ್ತದೆ, ಉಳಿದುದು ಅಂದೇ ತಿಳಿಯಬೇಕು ಎಂದು ಅವಳು ಬರೆದು ಕಳುಹಿಸಿದ್ದಾಳೆ. ಅದಕ್ಕೆ ಮರು ಉತ್ತರ ಇನ್ನೂ ಬಂದಿಲ್ಲ. ಜಾತ್ರೆಯ ಕಾಲದಲ್ಲಿ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟವಾದ್ದರಿಂದ ಅವಳು ಎರಡು ಕೋಣೆಗಳಿಗೆ ತನ್ನ ಕೈಯಿಂದಲೇ ಮುಂಗಡ ಕಟ್ಟಿ ಬಂದಿದ್ದಾಳೆ.